ಮೂರು ಸಾಲಿನ ಅಭಿನಂದನೆ

ಕನ್ನಡದಲ್ಲಿ ಹೆಮ್ಮೆಗೆ ಲಿಂಗವಿಲ್ಲ. ‘ನಮಗೆ ಹೆಮ್ಮೆಯಾಗಿದೆ’ ಎಂದು ಬರೆದರೆ ಬರೆದವರು ಹೆಂಗಸರೋ ಗಂಡಸರೋ, ಒಬ್ಬರೋ ಹತ್ತು ಮಂದಿಯೋ ಎಂಬುದು ವಾಕ್ಯದಿಂದ ತಿಳಿಯುವುದಿಲ್ಲ. ಹೆಮ್ಮೆ ತಾನಾಗಿ ಆಗುತ್ತದೆ, ನಮಗೆ ಆಗುತ್ತದೆ, ಅಷ್ಟೇ. ಸ್ಪ್ಯಾನಿಶ್ ಭಾಷೆಯಲ್ಲಿ ಹಾಗಲ್ಲ. ಅಲ್ಲಿ ಹೆಮ್ಮೆಪಡುವವರು ಯಾರೆಂಬುದನ್ನು ಪದದ ಕೊನೆಯ ಅಕ್ಷರವೇ ಹೇಳಿಬಿಡುತ್ತದೆ. ಜೋಗೇಶ್ವರಿ ಪೂರ್ವದ ನಮ್ಮ ಎರಡು ಕೋಣೆಯ ಮನೆಯಲ್ಲಿ, ಅಂಗೈಯಗಲದ ಒಂದು ಅಭಿನಂದನಾ ಪತ್ರಕ್ಕೆ ಮೂರು ಸಾಲು ಬರೆಯಲು ನಾಲ್ಕು ಸಂಜೆಗಳು ಬೇಕಾದದ್ದು ಬಹುಮಟ್ಟಿಗೆ ಈ ಒಂದು ಅಕ್ಷರದಿಂದಾಗಿ.

ಚಿಕ್ಕಪ್ಪನ ಮಗಳು ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ ಸ್ಪ್ಯಾನಿಶ್ ಬಿ.ಎ. ಆನರ್ಸ್ ಮುಗಿಸಿದಳು. ಅವಳು ಕಲಿತ ಭಾಷೆಯ ಒಂದು ಪದವೂ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ರಜೆಗೆ ಬಂದಾಗ ಅವಳು ಕಿಟಕಿಯ ಬಳಿ ಕುಳಿತು ತಗ್ಗಿದ ದನಿಯಲ್ಲಿ ಪಾಠ ಓದಿಕೊಳ್ಳುತ್ತಿದ್ದುದನ್ನು ಅಜ್ಜಿ ‘ಜಪ’ ಎಂದು ಕರೆಯುತ್ತಿದ್ದರು. ಫಲಿತಾಂಶ ಬಂದ ದಿನ ಚಿಕ್ಕಮ್ಮ ಹೇಳಿದ್ದು ಇಷ್ಟು: “ಮೂರು ವರ್ಷ ಅವಳು ಆ ಭಾಷೆಯಲ್ಲಿ ಒಬ್ಬಳೇ ಇದ್ದಳು. ಒಂದು ಸಾಲಾದರೂ ನಾವು ಅಲ್ಲಿಗೆ ಹೋಗಿ ಹೇಳಬೇಕು.” ಆದ್ದರಿಂದ ಪತ್ರ ಸ್ಪ್ಯಾನಿಶ್‌ನಲ್ಲಿಯೇ ಇರಬೇಕೆಂದಾಯಿತು. ನಮ್ಮಲ್ಲಿದ್ದ ಸಾಧನಗಳು ಎರಡು. ಒಂದು, ಫೋರ್ಟ್‌ನ ಕಾಲುದಾರಿಯಲ್ಲಿ ಕೊಂಡ ಹಳೆಯ ಇಂಗ್ಲಿಷ್-ಸ್ಪ್ಯಾನಿಶ್ ನಿಘಂಟು. ಇನ್ನೊಂದು, ನಮ್ಮ ಕಟ್ಟಡದ ಮೂರನೆಯ ಮಾಳಿಗೆಯ ಮರಾಠಿ ಹುಡುಗಿ. ಅವಳು ಗೋರೆಗಾಂವ್‌ನ ಕಚೇರಿಯೊಂದರಲ್ಲಿ ರಾತ್ರಿಪಾಳಿಯಲ್ಲಿ ಮೆಕ್ಸಿಕೋದ ಗ್ರಾಹಕರೊಡನೆ ಫೋನಿನಲ್ಲಿ ಮಾತನಾಡುವವಳು.

ಮೊದಲ ತೊಡಕು ಸಂಬೋಧನೆಯಲ್ಲಿಯೇ ಎದುರಾಯಿತು. ನಿಘಂಟಿನಲ್ಲಿ ‘ಕಸಿನ್’ ಎಂಬುದಕ್ಕೆ ಎದುರಾಗಿ ‘ಪ್ರೀಮಾ’ ಎಂದಿತ್ತು, ಗಂಡಾದರೆ ‘ಪ್ರೀಮೊ’. ಲ್ಯಾಟಿನ್ನಿನಲ್ಲಿ ‘ಮೊದಲನೆಯ’ ಎಂಬ ಅರ್ಥದ ಪದದಿಂದ ಬಂದದ್ದು ಅದು. ಮೊದಲ ಸಾಲಿನ ದಾಯಾದಿ ಎಂಬ ದೀರ್ಘ ಹೆಸರಿನಲ್ಲಿ ‘ದಾಯಾದಿ’ ಉದುರಿ ‘ಮೊದಲ’ ಮಾತ್ರ ಉಳಿಯಿತು. ಆದರೆ ಚಿಕ್ಕಪ್ಪನ ಮಗಳು ನಮಗೆ ಯಾವ ದಾಯಾದಿ? ಅವಳು ತಂಗಿ. ಸೋದರಮಾವನ ಮಗಳಿಗೆ ಬೇರೆ ಸಂಬಂಧ, ಬೇರೆ ಹೆಸರು, ಬೇರೆ ಸಲಿಗೆ. ಇವೆರಡನ್ನೂ ಒಂದೇ ಚೀಲಕ್ಕೆ ತುಂಬುವ ಪದ ನಮ್ಮ ಮನೆಯಲ್ಲಿ ಎಂದೂ ಬಳಕೆಯಾದದ್ದಿಲ್ಲ. ಜೊತೆಗೆ ಬೆಳೆದ ಹುಡುಗಿಗೆ ‘ಪ್ರೀಮಾ’ ಎಂದು ಬರೆದರೆ ಅವಳನ್ನು ಒಂದು ಮೆಟ್ಟಿಲು ಹೊರಗೆ ನಿಲ್ಲಿಸಿದಂತಾಗುತ್ತದೆ. ಸ್ಪ್ಯಾನಿಶ್‌ನವರಿಗೂ ಈ ಕೊರತೆ ತಿಳಿದಿರಬೇಕು. ತೀರ ಹತ್ತಿರದ ಸಂಬಂಧಕ್ಕೆ ಅವರು ‘ಪ್ರೀಮಾ ಎರ್ಮಾನಾ’ ಎನ್ನುತ್ತಾರೆ. ‘ಎರ್ಮಾನಾ’ ಎಂದರೆ ಒಡಹುಟ್ಟಿದವಳು. ನಮ್ಮ ದೇಶದ ಇಂಗ್ಲಿಷಿನಲ್ಲಿ ‘ಕಸಿನ್ ಸಿಸ್ಟರ್’ ಎಂಬುದನ್ನು ಕೇಳಿ ನಗುವವರಿಗೆ ಇದನ್ನು ಹೇಳಬೇಕು.

ಅಷ್ಟಾದರೂ ಅದು ನಮ್ಮ ಪತ್ರಕ್ಕೆ ಒದಗಲಿಲ್ಲ. ಸಹಿ ಹಾಕುವವರಲ್ಲಿ ಅಜ್ಜಿಯೂ ಇದ್ದರು, ಅವಳ ತಾಯಿಯೂ ಇದ್ದರು. ಅಜ್ಜಿಗೆ ಅವಳು ‘ನಿಯೆತಾ’, ದೊಡ್ಡಮ್ಮನಿಗೆ ‘ಸೋಬ್ರೀನಾ’, ತಾಯಿಗೆ ‘ಈಹಾ’. ಎಲ್ಲರಿಗೂ ಹೊಂದುವ ಒಂದು ಸಂಬಂಧವಾಚಕ ಆ ಭಾಷೆಯಲ್ಲಿ ಇಲ್ಲ, ನಮ್ಮಲ್ಲಿಯೂ ಇಲ್ಲ. ಹಾಗಿದ್ದರೆ ಮನೆಯ ಹೆಸರನ್ನೇ ಬರೆಯೋಣವೆಂದರು ಚಿಕ್ಕಮ್ಮ. ಮನೆಯಲ್ಲಿ ಅವಳು ‘ಪುಟ್ಟಿ’. ಇದನ್ನು ಕೇಳಿದೊಡನೆ ಮೇಲಿನ ಮಾಳಿಗೆಯ ಹುಡುಗಿ ಎರಡೂ ಕೈಗಳನ್ನು ಮುಂದೆ ಚಾಚಿ ತಡೆದಳು. ಸ್ಪ್ಯಾನಿಶ್ ಬಲ್ಲವರ ಕಣ್ಣಿಗೆ ಆ ಕಾಗುಣಿತ ಹೆಂಗಸರನ್ನು ಕುರಿತ ಕೀಳು ಬೈಗುಳವೊಂದಕ್ಕೆ ತೀರ ಸಮೀಪ. ಪತ್ರವನ್ನು ಹಾಸ್ಟೆಲಿನ ಗೆಳತಿಯರು ಓದುವುದು ಖಂಡಿತ. ಪುಟ್ಟಿ ಅಲ್ಲಿಗೆ ಬಿದ್ದುಹೋಯಿತು.

‘ತಂಗಿ’ ಎಂದೇ ರೋಮನ್ ಲಿಪಿಯಲ್ಲಿ ಬರೆಯುವುದೂ ಸುಲಭವಲ್ಲ. ಇಂಗ್ಲಿಷಿನ ಅಭ್ಯಾಸದಂತೆ ಜಿ ಅಕ್ಷರದ ಮುಂದೆ ನೇರವಾಗಿ ಐ ಬರೆದರೆ ಸ್ಪ್ಯಾನಿಶ್ ಓದುಗರು ಅದನ್ನು ‘ತಂಹಿ’ ಎಂದು ಗಂಟಲಿನಿಂದ ಉಚ್ಚರಿಸುತ್ತಾರೆ. ‘ಗಿ’ ಎಂಬ ಧ್ವನಿ ಉಳಿಯಬೇಕಾದರೆ ನಡುವೆ ಒಂದು ಯು ಸೇರಿಸಬೇಕು. ಅದನ್ನು ಉಚ್ಚರಿಸಬಾರದು, ಅದು ಕೇವಲ ಕಾವಲು. ಜೆ ಅಕ್ಷರಕ್ಕೂ ಅದೇ ಗತಿ. ನಮ್ಮ ಊರನ್ನು ಅವರು ಓದಿದರೆ ‘ಹೋಹೇಶ್ವರಿ’ ಆಗುತ್ತದೆ. ಗುಹೆಯೊಳಗಿನ ಯೋಗೇಶ್ವರಿ ಜನರ ಬಾಯಲ್ಲಿ ಜೋಗೇಶ್ವರಿಯಾದಳು, ಇನ್ನೊಂದು ಸಮುದ್ರ ದಾಟಿದರೆ ಹೀಗೆ. ಕೊನೆಗೆ ಅವಳ ಹೆಸರನ್ನು ಕನ್ನಡ ಲಿಪಿಯಲ್ಲಿ ಬರೆದು, ಅದರ ಹಿಂದೆ ಮಾತ್ರ ‘ಕೆರೀದಾ’, ಅಂದರೆ ‘ಪ್ರೀತಿಯ’, ಎಂದು ಅವರ ಭಾಷೆಯಲ್ಲಿ ಬರೆಯುವುದೆಂದು ತೀರ್ಮಾನವಾಯಿತು. ಹುಡುಗನಾಗಿದ್ದರೆ ‘ಕೆರೀದೊ’ ಆಗುತ್ತಿತ್ತು.

ಎರಡನೆಯ ಸಂಜೆ ಅಭಿನಂದನೆಯ ಪದಕ್ಕೆ ಸಂದಿತು. ಮೇಲಿನ ಮಾಳಿಗೆಯವಳು ಮೊದಲು ಬರೆದುಕೊಟ್ಟದ್ದು ‘ಲೆ ಫೆಲಿಸಿತಾಮೋಸ್’ ಎಂದು. ವ್ಯಾಕರಣ ನಿರ್ದುಷ್ಟ, ಆದರೆ ಅದು ಕಚೇರಿಯ ಸ್ಪ್ಯಾನಿಶ್. ‘ತಮ್ಮನ್ನು ಅಭಿನಂದಿಸುತ್ತೇವೆ’ ಎಂದಂತೆ. ಗ್ರಾಹಕರನ್ನು ದಿನವೂ ‘ಉಸ್ತೆದ್’, ಎಂದರೆ ‘ತಾವು’, ಎಂದು ಕರೆದು ಅವಳ ನಾಲಗೆಗೆ ಅದೇ ರೂಢಿಯಾಗಿತ್ತು. ತಂಗಿಗೆ ಬೇಕಾದದ್ದು ‘ತು’, ನಮ್ಮ ‘ನೀನು’. ಕೇವಲ ಸರ್ವನಾಮ ಬದಲಾಯಿಸಿದರೆ ಸಾಲದು; ಕ್ರಿಯಾಪದದ ಬಾಲವೂ ‘ನಿನ್ನ’ ಎಂಬ ಪದವೂ ಅದರೊಡನೆ ಬದಲಾಗಬೇಕು. ಒಂದು ಸಾಲಿನಲ್ಲಿ ‘ನೀನು’ ಎಂದು ಮುಂದಿನ ಸಾಲಿನಲ್ಲಿ ‘ತಾವು’ ಎಂದಿದ್ದರೆ ಅದು ಎಲ್ಲಿಂದಲೋ ಕತ್ತರಿಸಿ ಅಂಟಿಸಿದ ಸಂದೇಶವೆಂದು ಓದುವವಳಿಗೆ ಕೂಡಲೇ ಗೊತ್ತಾಗುತ್ತದೆ.

ಆಮೇಲೆ ಅವಳು ಸೂಚಿಸಿದ್ದು ‘ಫೆಲಿಸಿದಾದೆಸ್’. ಮೆಕ್ಸಿಕೋದಲ್ಲಿ ಎಲ್ಲದಕ್ಕೂ ಅದೇ ನಡೆಯುತ್ತದಂತೆ: ಪರೀಕ್ಷೆಗೂ ಮದುವೆಗೂ ಹುಟ್ಟುಹಬ್ಬಕ್ಕೂ. ಮೂಲದಲ್ಲಿ ಅದು ‘ಸುಖಗಳು’ ಎಂಬ ಬಹುವಚನ. ದಕ್ಷಿಣ ಅಮೆರಿಕದ ಹಲವೆಡೆ ‘ಫೆಲಿಸಿತಾಸಿಯೋನೆಸ್’ ಎಂಬುದೂ ಬಳಕೆಯಲ್ಲಿದೆ. ಸ್ಪೇನಿನಲ್ಲಿ, ಒಬ್ಬರು ದುಡಿದು ಏನನ್ನಾದರೂ ಸಾಧಿಸಿದಾಗ ವಿಶೇಷವಾಗಿ ಹೇಳುವ ಪದ ಇನ್ನೊಂದು: ‘ಎನೋರಬುವೆನಾ’. ನಿಘಂಟಿನಲ್ಲಿ ಅದನ್ನು ಕಂಡಾಗ ಬಿಡಿಸಿ ನೋಡಿದೆವು. ‘ಎನ್’ ಎಂದರೆ ಒಳಗೆ, ‘ಓರಾ’ ಎಂದರೆ ಗಳಿಗೆ, ‘ಬುವೆನಾ’ ಎಂದರೆ ಒಳ್ಳೆಯದು. ಒಳ್ಳೆಯ ಗಳಿಗೆಯಲ್ಲಿ. ಇದರ ಅರ್ಥವನ್ನು ಅಜ್ಜಿಗೆ ಹೇಳಿದಾಗ ಅವರು ಗೋಡೆಗೆ ತೂಗುಹಾಕಿದ್ದ ಪಂಚಾಂಗದ ಕಡೆ ನೋಡಿ, “ಅಲ್ಲಿಯೂ ರಾಹುಕಾಲ ನೋಡುತ್ತಾರೋ?” ಎಂದರು. ನೋಡುತ್ತಾರೋ ಇಲ್ಲವೋ, ಕೆಟ್ಟ ಗಳಿಗೆ ಎಂಬ ಜೋಡಿಪದವೂ ಅವರಲ್ಲಿದೆ, ಅದನ್ನು ಶಾಪಕ್ಕೆ ಬಳಸುತ್ತಾರೆ. ಹುಟ್ಟುಹಬ್ಬ ಯಾರಿಗಾದರೂ ಬರುತ್ತದೆ, ಪದವಿ ದುಡಿದವರಿಗೆ ಮಾತ್ರ. ಆದ್ದರಿಂದ ‘ಎನೋರಬುವೆನಾ’ ಗೆದ್ದಿತು. ಬರೆಯುವಾಗ ನಡುವೆ ಎಚ್ ಅಕ್ಷರ ಇದೆ, ಅದನ್ನು ಬಿಡಬಾರದು. ಓದುವಾಗ ಅದು ಮೌನ.

ಯಾವುದಕ್ಕೆ ಅಭಿನಂದನೆ ಎಂಬುದನ್ನೂ ಹೇಳಬೇಕಲ್ಲ. ಬಿ.ಎ. ಎಂಬುದಕ್ಕೆ ನಿಘಂಟಿನಲ್ಲಿ ಹುಡುಕುವವರು ಜಾರುವ ಸ್ಥಳ ಇದು. ‘ಬ್ಯಾಚುಲರ್’ ಎಂಬುದಕ್ಕೆ ಕೇಳಲು ಹತ್ತಿರದ ‘ಬಾಚಿಯೆರಾತೊ’ ಕಣ್ಣಿಗೆ ಬೀಳುತ್ತದೆ. ಆದರೆ ಸ್ಪೇನಿನಲ್ಲಿ ಅದು ವಿಶ್ವವಿದ್ಯಾಲಯಕ್ಕೆ ಮೊದಲಿನ ಎರಡು ವರ್ಷ, ನಮ್ಮ ಪಿಯುಸಿ. ಮೂರು ವರ್ಷ ಆನರ್ಸ್ ಓದಿದವಳಿಗೆ ಪಿಯುಸಿ ಪಾಸಾದದ್ದಕ್ಕೆ ಶುಭಾಶಯ ಹೇಳಿದಂತಾಗುತ್ತದೆ! ಇದಕ್ಕೆ ಸುರಕ್ಷಿತ ದಾರಿ ಪದವಿಯ ಹೆಸರನ್ನೇ ಬಿಟ್ಟು ‘ಪೋರ್ ತು ಗ್ರಾದುವಾಸಿಯೋನ್’, ‘ನಿನ್ನ ಪದವಿ ಪ್ರಾಪ್ತಿಗೆ’, ಎಂದು ಬರೆಯುವುದು. ಕೊನೆಯ ಓ ಅಕ್ಷರದ ಮೇಲೆ ಬಲಕ್ಕೆ ಏರುವ ಒಂದು ಸಣ್ಣ ಗೀಟು ಬೇಕು, ಒತ್ತು ಅಲ್ಲಿ ಬೀಳುತ್ತದೆಂದು ತಿಳಿಸಲು.

‘ಮೂರು ವರ್ಷದ ಶ್ರಮ’ ಎಂಬ ಮಾತೂ ಇರಲಿ ಎಂಬುದು ಚಿಕ್ಕಮ್ಮನ ಆಸೆ. ವರ್ಷಕ್ಕೆ ‘ಆನ್ಯೊ’. ರೋಮನ್ ಎನ್ ಅಕ್ಷರದ ಮೇಲೆ ಅಲೆಯಂಥ ಒಂದು ಗೆರೆ ಬಂದಾಗಲೇ ಅದು ‘ನ್ಯ’. ಹಳೆಯ ಕಾಲದ ಲಿಪಿಕಾರರು ಎರಡು ಎನ್‌ಗಳನ್ನು ಒತ್ತೊತ್ತಾಗಿ ಬರೆಯುವ ಬದಲು ಒಂದನ್ನು ಚಿಕ್ಕದಾಗಿಸಿ ತಲೆಯ ಮೇಲೆ ಇಟ್ಟರು. ನಾವು ಒತ್ತಕ್ಷರವನ್ನು ಕಾಲಿನ ಕೆಳಗೆ ಇಡುತ್ತೇವೆ. ಆ ಅಲೆ ತಪ್ಪಿದರೆ ‘ವರ್ಷ’ ಹೋಗಿ ಶರೀರದ ಹೇಳಬಾರದ ಭಾಗವೊಂದು ಬರುತ್ತದೆ. ಪತ್ರ ಬರೆಯುವವರು ಅಜ್ಜಿಯೂ ಇರುವ ಕೋಣೆಯಲ್ಲಿ ಕುಳಿತಿದ್ದುದರಿಂದ ಇದನ್ನು ವಿವರವಾಗಿ ಚರ್ಚಿಸಲಿಲ್ಲ. ಜಾಗ ಸಾಲದೆಂಬ ಕಾರಣ ಹೇಳಿ ಆ ಸಾಲನ್ನು ಬಿಟ್ಟೆವು.

ಇನ್ನು ಹೆಮ್ಮೆಯ ಸಾಲು. ಅದಿಲ್ಲದಿದ್ದರೆ ಅಂಗಡಿಯ ಮುದ್ರಿತ ಪತ್ರವೇ ಸಾಕಾಗಿತ್ತು.

‘ಹೆಮ್ಮೆಯುಳ್ಳ’ ಎಂಬುದಕ್ಕೆ ಸ್ಪ್ಯಾನಿಶ್‌ನಲ್ಲಿ ‘ಓರ್ಗುಯೋಸೊ’. ಇದರ ಜೊತೆಗೆ ‘ಆಗಿದ್ದೇವೆ’ ಎಂಬ ಕ್ರಿಯಾಪದ ಬರಬೇಕು. ಆ ಭಾಷೆಯಲ್ಲಿ ‘ಇರು’ ಎಂಬುದಕ್ಕೆ ಎರಡು ಧಾತುಗಳಿವೆ. ಒಂದು ಸ್ವಭಾವವನ್ನು ಹೇಳುತ್ತದೆ, ಇನ್ನೊಂದು ಈಗಿನ ಸ್ಥಿತಿಯನ್ನು. ಸ್ವಭಾವದ ಧಾತುವನ್ನು ಬಳಸಿ ‘ಸೋಮೋಸ್ ಓರ್ಗುಯೋಸೋಸ್’ ಎಂದರೆ ‘ನಾವು ಗರ್ವಿಷ್ಠರು’ ಎಂದಾಗುತ್ತದೆ. ಸ್ಥಿತಿಯ ಧಾತುವನ್ನು ಬಳಸಿ ‘ಎಸ್ತಾಮೋಸ್ ಓರ್ಗುಯೋಸೋಸ್ ದೆ ತಿ’ ಎಂದರೆ ‘ನಿನ್ನ ವಿಷಯದಲ್ಲಿ ನಮಗೆ ಹೆಮ್ಮೆಯಾಗಿದೆ’ ಎಂದಾಗುತ್ತದೆ. ನಿಘಂಟು ಎರಡನ್ನೂ ‘ಆರ್’ ಎಂಬ ಒಂದೇ ಇಂಗ್ಲಿಷ್ ಪದದ ಕೆಳಗೆ ಕೊಡುವುದರಿಂದ ಇಲ್ಲಿ ಎಡವುವುದು ಸುಲಭ. ಕನ್ನಡದಲ್ಲಿಯೂ ಹೆಮ್ಮೆಗೆ ಈ ಎರಡು ಮುಖಗಳಿವೆ. ಹಳಗನ್ನಡದ ‘ಪೆರ್ಮೆ’ಯಿಂದ ಬಂದ ಪದ, ಹಿರಿಮೆಯೂ ಹೌದು, ಸೊಕ್ಕೂ ಹೌದು. ಯಾವುದೆಂಬುದನ್ನು ನಾವು ದನಿಯಿಂದ ತಿಳಿಯುತ್ತೇವೆ, ಅವರು ಧಾತುವಿನಿಂದ.

ಧಾತು ಸರಿಯಾಯಿತು, ಲಿಂಗ ಉಳಿಯಿತು. ಮೂರನೆಯ ಸಂಜೆಯ ತನಕ ಸಹಿ ಹಾಕುವವರೆಲ್ಲ ಹೆಂಗಸರು: ಅಜ್ಜಿ, ದೊಡ್ಡಮ್ಮ, ಚಿಕ್ಕಮ್ಮ, ಅತ್ತೆ, ಮತ್ತು ನಾವು ಅಕ್ಕಂದಿರು ಮೂವರು. ಹೆಂಗಸರೇ ಆದರೆ ಪದ ‘ಓರ್ಗುಯೋಸಾಸ್’, ಕೊನೆಯ ಸ್ವರ ಆಕಾರ. ಅದು ಹಾಗೆಯೇ ಇರುವುದು ನಮಗೆಲ್ಲ ಇಷ್ಟವಾಗಿತ್ತು. ಇಷ್ಟವಾಗಲು ಕಾರಣವೂ ಇತ್ತು. ಚಿಕ್ಕಪ್ಪ ತೀರಿಕೊಂಡ ಮೇಲೆ ಅವಳ ಓದಿನ ಮಾತು ಬಂದಾಗಲೆಲ್ಲ ದೊಡ್ಡಪ್ಪ ‘ಕಾಮರ್ಸ್ ಓದಲಿ’ ಎಂದವರು. ಅವರು ಹನ್ನೆರಡನೆಯ ವಯಸ್ಸಿಗೆ ಕುಂದಾಪುರದ ಕಡೆಯಿಂದ ಬಂದು, ಹಗಲು ಕ್ಯಾಂಟೀನಿನಲ್ಲಿ ತಟ್ಟೆ ಎತ್ತಿ, ರಾತ್ರಿ ಕನ್ನಡ ಶಾಲೆಯಲ್ಲಿ ಓದಿದವರು. ಓದು ಎಂದರೆ ಪಗಾರ ಎಂಬುದು ಅವರ ಲೆಕ್ಕ. (ಆ ಪದ ನಮಗೆ ಪೋರ್ಚುಗೀಸರಿಂದ ಬಂದದ್ದು. ಸ್ಪ್ಯಾನಿಶ್‌ನಲ್ಲಿಯೂ ‘ಪಗಾರ್’ ಎಂದರೆ ಹಣ ಕೊಡು ಎಂದೇ ಅರ್ಥ. ಇದನ್ನು ಆಗಲೇ ತಿಳಿದಿದ್ದರೆ ವಾದಕ್ಕೆ ಒದಗುತ್ತಿತ್ತು.) “ಸ್ಪ್ಯಾನಿಶ್ ಓದಿ ಯಾರೊಡನೆ ಮಾತಾಡುತ್ತಾಳೆ?” ಎಂದು ಕೇಳಿ ಅವರು ಕೈಬಿಟ್ಟರು. ದೆಹಲಿಯ ರೈಲು, ಹಾಸ್ಟೆಲು, ಪುಸ್ತಕ ಎಲ್ಲವೂ ಹೆಂಗಸರ ಭಿಶಿಯಿಂದ, ಚಿಕ್ಕಮ್ಮನ ಚಕ್ಕುಲಿಯಿಂದ, ಅತ್ತೆಯ ಒಂದು ಜೊತೆ ಬಳೆಯಿಂದ ಬಂದವು. ಆಕಾರಾಂತ ಹೆಮ್ಮೆ ಆ ಲೆಕ್ಕವನ್ನು ಸರಿಯಾಗಿ ಬರೆದಿತ್ತು.

ನಾಲ್ಕನೆಯ ಸಂಜೆ ದೊಡ್ಡಪ್ಪ ಬಾಗಿಲಿನಲ್ಲಿಯೇ ನಿಂತು, ಕನ್ನಡಕವನ್ನು ಅಂಗಿಯ ಅಂಚಿನಿಂದ ಒರೆಸುತ್ತ, “ನನ್ನದೂ ಒಂದು ಸಹಿ ಇರಲಿ” ಎಂದರು.

ಸ್ಪ್ಯಾನಿಶ್ ವ್ಯಾಕರಣದ ನಿಯಮ ಇಲ್ಲಿ ಖಚಿತವಾಗಿದೆ. ಹೆಂಗಸರು ನೂರು ಮಂದಿ ಇದ್ದರೂ ಗುಂಪಿನಲ್ಲಿ ಒಬ್ಬ ಗಂಡಸು ಸೇರಿದೊಡನೆ ವಿಶೇಷಣ ಪುಲ್ಲಿಂಗವಾಗುತ್ತದೆ: ‘ಓರ್ಗುಯೋಸೋಸ್’. ಮೇಲಿನ ಮಾಳಿಗೆಯ ಹುಡುಗಿ ಇದನ್ನು ವಿವರಿಸಿದಾಗ ದೊಡ್ಡಮ್ಮ ಲಟ್ಟಣಿಗೆ ಕೆಳಗಿಟ್ಟು ಕೇಳಿದರು: “ಏಳು ಹೆಂಗಸರ ಹೆಮ್ಮೆ ಒಬ್ಬ ಗಂಡಸಿನ ಸಹಿಗೆ ಗಂಡಾಗಿಬಿಡುತ್ತದೋ?” ದೊಡ್ಡಪ್ಪನಿಗೆ ಈ ಮಾತಿನ ತಲೆಬುಡ ತಿಳಿಯಲಿಲ್ಲ. ತಿಳಿಯದಿದ್ದುದೇ ಲೇಸಾಯಿತು.

ನಮ್ಮ ಮುಂದೆ ಮೂರು ದಾರಿಗಳಿದ್ದವು. ನಿಯಮದಂತೆ ಒಂದು ಸ್ವರವನ್ನು ತಿದ್ದುವುದು. ತಪ್ಪೇನೂ ಇಲ್ಲ, ಸ್ಪ್ಯಾನಿಶ್ ಮನೆಗಳಲ್ಲಿ ಎಲ್ಲರೂ ಹಾಗೆಯೇ ಬರೆಯುತ್ತಾರೆ. ಎರಡನೆಯದು ‘ತೋದಾ ಲಾ ಫಾಮೀಲಿಯಾ ಎಸ್ತಾ ಓರ್ಗುಯೋಸಾ ದೆ ತಿ’ ಎಂಬುದು: ‘ಇಡೀ ಕುಟುಂಬಕ್ಕೆ ನಿನ್ನ ಬಗ್ಗೆ ಹೆಮ್ಮೆ’. ಕುಟುಂಬ ಎಂಬ ಪದವೇ ಅಲ್ಲಿ ಸ್ತ್ರೀಲಿಂಗ, ಆದ್ದರಿಂದ ಸಹಿ ಯಾರದಾದರೂ ಆಕಾರ ಉಳಿಯುತ್ತದೆ. ಬಹಳ ಜಾಣತನದ ಪರಿಹಾರವೆಂದು ನಮಗೆ ತೋರಿತು. ಚಿಕ್ಕಮ್ಮ ಮಾತ್ರ ತಲೆಯಾಡಿಸಿದರು. ‘ಇಡೀ’ ಎಂಬ ಮಾತು ಬೇಡ, ಅದನ್ನು ಅವಳು ನಂಬುವುದಿಲ್ಲ ಎಂದರು. ವ್ಯಾಕರಣ ಒಪ್ಪಿದ್ದನ್ನು ಮೂರು ವರ್ಷದ ಇತಿಹಾಸ ಒಪ್ಪಲಿಲ್ಲ.

ಮೂರನೆಯದನ್ನು ಮೇಲಿನ ಮಾಳಿಗೆಯವಳು ಕೆಲಸಕ್ಕೆ ಹೊರಡುವ ಅವಸರದಲ್ಲಿ, ಚಪ್ಪಲಿ ಮೆಟ್ಟುತ್ತ ಹೇಳಿದಳು: ‘ನೋಸ್ ಯೇನಾಸ್ ದೆ ಓರ್ಗೂಯೊ’. ‘ನಮ್ಮನ್ನು ಹೆಮ್ಮೆಯಿಂದ ತುಂಬುತ್ತೀಯೆ.’ ಇಲ್ಲಿ ಹೆಮ್ಮೆ ವಿಶೇಷಣವಲ್ಲ, ನಾಮಪದ. ನಮ್ಮ ಲಿಂಗ ಯಾವುದೆಂದು ಅದು ಕೇಳುವುದೇ ಇಲ್ಲ. ‘ನೋಸ್’ ಎಂಬ ‘ನಮ್ಮನ್ನು’ ಗಂಡಿಗೂ ಹೆಣ್ಣಿಗೂ ಒಂದೇ. ವಾಕ್ಯದ ಕರ್ತೃ ನಾವಲ್ಲ, ಅವಳು. ತುಂಬುವವಳು ಅವಳು, ಯಾರು ಯಾರು ಎಷ್ಟೆಷ್ಟು ತುಂಬಿಕೊಂಡರೆಂಬುದು ಅವರವರಿಗೆ ಬಿಟ್ಟದ್ದು. ಚಿಕ್ಕಮ್ಮ ಅದನ್ನು ಎರಡು ಬಾರಿ ಹೇಳಿಸಿಕೊಂಡರು. ಬಳಿಕ ಪೆನ್ನನ್ನು ತಾವೇ ಎತ್ತಿ ದೊಡ್ಡಪ್ಪನ ಕೈಗೆ ಕೊಟ್ಟರು. ಆಕಾರಾಂತವನ್ನು ಕಳೆದುಕೊಂಡದ್ದಕ್ಕೆ ನಮ್ಮಲ್ಲಿ ಇಬ್ಬರಿಗೆ ಈಗಲೂ ಅಸಮಾಧಾನವಿದೆ. ಕ್ಷಮೆಯನ್ನು ಕೇಳದವರಿಗೆ ವ್ಯಾಕರಣದಲ್ಲಿ ಜಾಗ ಮಾಡಿಕೊಟ್ಟದ್ದು ಹೆಚ್ಚಾಯಿತು ಎಂಬುದು ಅವರ ವಾದ. ಆದರೆ ಆ ನಿರ್ಧಾರ ಚಿಕ್ಕಮ್ಮನದು, ಮಗಳು ಅವರ ಮಗಳು.

ಪತ್ರ ಕೊನೆಗೆ ಹೀಗಾಯಿತು. ಮೊದಲು ‘ಕೆರೀದಾ’ ಮತ್ತು ಕನ್ನಡದಲ್ಲಿ ಅವಳ ಹೆಸರು. ಅದರ ಕೆಳಗೆ:

¡ಎನೋರಬುವೆನಾ ಪೋರ್ ತು ಗ್ರಾದುವಾಸಿಯೋನ್!
ನೋಸ್ ಯೇನಾಸ್ ದೆ ಓರ್ಗೂಯೊ.
ಕೊನ್ ತೋದೊ ನುವೆಸ್ತ್ರೊ ಕಾರೀನ್ಯೊ,

ಮತ್ತು ಎಂಟು ಸಹಿಗಳು. ಮೂರನೆಯ ಸಾಲಿನ ಅರ್ಥ ‘ನಮ್ಮೆಲ್ಲ ಅಕ್ಕರೆಯೊಡನೆ’. ಅದರಲ್ಲಿಯೂ ಅಲೆ ಹೊತ್ತ ಎನ್ ಒಂದಿದೆ, ಅದನ್ನು ಬರೆದವಳು ನಮ್ಮಲ್ಲಿ ಕೈ ನಡುಗದವಳು. ಮೊದಲ ಸಾಲಿನ ಆರಂಭದ ತಲೆಕೆಳಗಾದ ಚಿಹ್ನೆ ಸ್ಪ್ಯಾನಿಶ್ ಬರವಣಿಗೆಯ ಪದ್ಧತಿ. 1713ರಲ್ಲಿ ಸ್ಥಾಪನೆಯಾದ ಅವರ ಭಾಷಾ ಅಕಾಡೆಮಿ 1754ರ ಕಾಗುಣಿತ ಗ್ರಂಥದಲ್ಲಿ ಪ್ರಶ್ನೆಯ ಮುಂದೆ ತಲೆಕೆಳಗಾದ ಪ್ರಶ್ನಾರ್ಥಕ ಇಡಬೇಕೆಂದು ವಿಧಿಸಿತು, ಓದುವವರಿಗೆ ದನಿಯನ್ನು ಯಾವಾಗ ಏರಿಸಬೇಕೆಂದು ಮೊದಲೇ ಗೊತ್ತಾಗಲೆಂದು. ಉದ್ಗಾರಕ್ಕೂ ಅದೇ ಕ್ರಮ ಬಂತು. ಅದನ್ನು ಕಂಡು ದೊಡ್ಡಪ್ಪ, ಯಾರೋ ಐ ಅಕ್ಷರವನ್ನು ತಪ್ಪಾಗಿ ಬರೆದಿದ್ದಾರೆಂದು ಬಗೆದು ತಿದ್ದಲು ಹೊರಟಿದ್ದರು.

ಅವರು ತಮ್ಮ ಸಹಿಯನ್ನು ಪಗಾರದ ಚೀಟಿಯಲ್ಲಿ ಹಾಕುತ್ತಿದ್ದಂತೆಯೇ, ಊರಿನ ಹೆಸರಿನ ಮೊದಲ ಅಕ್ಷರವನ್ನೂ ಸೇರಿಸಿ, ಕನ್ನಡದಲ್ಲಿ, ಅಜ್ಜಿಯ ಹೆಬ್ಬೆಟ್ಟಿನ ಪಕ್ಕದಲ್ಲಿ ಹಾಕಿದರು. ಪತ್ರವನ್ನು ಮರುದಿನ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದೆವು. ಐದನೆಯ ದಿನ ಅವಳ ಫೋನು ಬಂತು. ಸ್ಪ್ಯಾನಿಶ್ ಬಗ್ಗೆ ಅವಳು ಒಂದೇ ಮಾತು ಹೇಳಿದಳು, ಗ್ರಾದುವಾಸಿಯೋನಿನ ಗೀಟು ಸರಿಯಾದ ಕಡೆಗೆ ವಾಲಿದೆಯೆಂದು. ಆಮೇಲೆ ದನಿ ತಗ್ಗಿಸಿ, ಪಕ್ಕದಲ್ಲಿ ಯಾರಿದ್ದಾರೆಂದು ಕೇಳಿ, ದೊಡ್ಡಪ್ಪನ ಸಹಿಯನ್ನು ಅವರೇ ಹಾಕಿದ್ದೋ ನಾವು ಹಾಕಿದ್ದೋ ಎಂದು ಎರಡು ಸಲ ವಿಚಾರಿಸಿದಳು.